96 ರೂಪಾಯಿ ಅಂದುಕೊಂಡಿದ್ದ ಗಂಟೆಗೆ 129 ರೂಪಾಯಿ: ಗೋಣಿಕೊಪ್ಪಲಿನ ಒಂದು ವರ್ಕ್‌ಶಾಪ್‌ನ ಲೆಕ್ಕ

ಕಾಫಿ ಪಲ್ಪರ್, ಸ್ಪ್ರಿಂಕ್ಲರ್ ಪಂಪ್‌ಸೆಟ್, ಕಳೆ ಕತ್ತರಿಸುವ ಯಂತ್ರ ಇವುಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪನ್ನು ಗೋಣಿಕೊಪ್ಪಲಿನಲ್ಲಿ ಇಟ್ಟುಕೊಳ್ಳೋಣ. ಒಟ್ಟು ಏಳು ಜನ ಕೆಲಸಗಾರರು. ಅವರಲ್ಲಿ ಒಬ್ಬ ನುರಿತ ಮೆಕ್ಯಾನಿಕ್‌ಗೆ ತಿಂಗಳಿಗೆ 20,000 ರೂಪಾಯಿ ಸಂಬಳ. ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಇಲ್ಲಿ ಸಂಬಳ, ವಿಮೆ ಮುಂತಾದ ಮೊತ್ತಗಳನ್ನು ದುಂಡಗೆ ಇಟ್ಟಿದೆ. ದಿನಗಳ ಲೆಕ್ಕ ಮಾತ್ರ 2026ರ ಕ್ಯಾಲೆಂಡರಿನದು.

ಮಾಲೀಕರು ಲೇಬರ್ ಚಾರ್ಜ್ ನಿಗದಿ ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. 20,000ವನ್ನು 208ರಿಂದ ಭಾಗಿಸಿದರೆ ಗಂಟೆಗೆ 96 ರೂಪಾಯಿ 15 ಪೈಸೆ. ಅದರ ಮೇಲೆ ಕಾಲು ಭಾಗ ಲಾಭ ಸೇರಿಸಿ ಗಿರಾಕಿಗೆ ಗಂಟೆಗೆ 120 ರೂಪಾಯಿ ಹಾಕುತ್ತಾರೆ. ಗಂಟೆಗೆ 24 ರೂಪಾಯಿ ಉಳಿಯುತ್ತದೆ ಎಂಬುದು ಅವರ ನಂಬಿಕೆ. ವರ್ಷದ ಕೊನೆಯಲ್ಲಿ ಲೆಕ್ಕ ನೋಡಿದರೆ ಲೇಬರ್ ಬಾಬ್ತಿನಲ್ಲಿ ಬಂದ ಹಣ ಆ ಮೆಕ್ಯಾನಿಕ್‌ಗೆ ಖರ್ಚಾದ ಹಣಕ್ಕಿಂತ ಎಷ್ಟೋ ಕಡಿಮೆ. ಬೇರಿಂಗ್, ಬೆಲ್ಟ್, ತಾಮ್ರದ ತಗಡು ಮಾರಿ ಬಂದ ಲಾಭ ಆ ಹಳ್ಳವನ್ನು ಮುಚ್ಚಿಕೊಂಡು ಬಂದಿದ್ದರಿಂದ ಅದು ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ತಪ್ಪು ಇರುವುದು 26 ಎಂಬ ಸಂಖ್ಯೆಯಲ್ಲಿ. ತಿಂಗಳಿಗೆ 26 ದಿನ ಎಂದರೆ ವರ್ಷಕ್ಕೆ 312 ದಿನ. 365ರಿಂದ 52 ಭಾನುವಾರ ಕಳೆದರೆ 313 ಉಳಿಯುತ್ತದೆ. ಅಂದರೆ 26ರ ಲೆಕ್ಕ ಕಳೆದಿರುವುದು ಭಾನುವಾರಗಳನ್ನು ಮಾತ್ರ. ಸಂಬಳ ಕೊಟ್ಟೂ ಕೆಲಸ ಸಿಗದ ಉಳಿದ ದಿನಗಳೆಲ್ಲ ಕೆಲಸದ ದಿನಗಳಾಗಿಯೇ ಕೂತಿವೆ. ಒಂದು ದಿನದ ಸಂಬಳ ಹಿಡಿಯಲು ಅಥವಾ ಓವರ್‌ಟೈಮ್ ಕೊಡಲು 26 ಸರಿಯಾದ ಭಾಜಕ. ಒಂದು ಗಂಟೆಯ ಕೆಲಸ ಮಾಲೀಕರಿಗೆ ಎಷ್ಟಕ್ಕೆ ಬೀಳುತ್ತದೆ ಎಂದು ತಿಳಿಯಲು ಅದು ತಕ್ಕದ್ದಲ್ಲ.

ದಿನಗಳನ್ನು ಕಳೆಯುವುದು

ಮೊದಲು ಸಾರ್ವತ್ರಿಕ ರಜೆಗಳನ್ನು ನೋಡೋಣ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದಲ್ಲಿ 1963ರ ಕಾಯ್ದೆ ಇದೆ. ಅದರಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ ಸಂಬಳ ಸಹಿತ ರಜೆ. ಇವುಗಳ ಜೊತೆಗೆ ಇನ್ನೂ ಐದು ಹಬ್ಬದ ರಜೆ ಕೊಡಬೇಕು. ಈ ಐದು ಯಾವುವು ಎಂಬುದನ್ನು ಊರಿನ ರೂಢಿ ನೋಡಿ ಆರಿಸಿಕೊಳ್ಳುತ್ತಾರೆ. ಕೊಡಗಿನಲ್ಲಿ ಇಲ್ಲಿಯ ಹಬ್ಬಗಳನ್ನು ಬಿಟ್ಟು ಪಟ್ಟಿ ಮಾಡಿದರೆ ಅದು ಕಾಗದದಲ್ಲಷ್ಟೇ ಉಳಿಯುತ್ತದೆ. ಕೈಲ್‌ಪೊಳ್ದ್ ದಿನ ಯಾರೂ ಬರುವುದಿಲ್ಲ, ಪುತ್ತರಿಗೂ ಅಷ್ಟೇ. ಆದ್ದರಿಂದ ಈ ವರ್ಕ್‌ಶಾಪಿನ ಐದು ಹಬ್ಬದ ರಜೆಗಳೆಂದರೆ ಯುಗಾದಿ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಆಯುಧಪೂಜೆ, ಬಲಿಪಾಡ್ಯಮಿ ಮತ್ತು ಪುತ್ತರಿ. ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರು ತಮ್ಮ ಸ್ವಂತ ರಜೆ ಹಾಕಿ ಹೋಗುತ್ತಾರೆ.

ಪಟ್ಟಿಯಲ್ಲಿ ಹತ್ತು ರಜೆ ಇದೆ ಎಂದು 313ರಿಂದ ಹತ್ತು ಕಳೆದುಬಿಟ್ಟರೆ ತಪ್ಪಾಗುತ್ತದೆ. 2026ರಲ್ಲಿ ನವೆಂಬರ್ 1 ಭಾನುವಾರ. ಆ ದಿನವನ್ನು ಭಾನುವಾರಗಳ ಜೊತೆ ಒಮ್ಮೆ ಕಳೆದಾಗಿದೆ. ಆದ್ದರಿಂದ ನಿಜವಾಗಿ ಕಳೆಯಬೇಕಾದದ್ದು 9. ಪುತ್ತರಿಯದು ಇನ್ನೊಂದು ತೊಡಕು. ಅದಕ್ಕೆ ಇಂಗ್ಲಿಷ್ ತಿಂಗಳಿನ ನಿಗದಿತ ತಾರೀಕು ಇಲ್ಲ. ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುವ ಆ ಹಬ್ಬದ ಮುಹೂರ್ತ ಪ್ರಕಟವಾಗುವುದು ತಡವಾಗಿ. ಜನವರಿಯಲ್ಲಿ ಲೆಕ್ಕ ಮಾಡುವಾಗ ಅದನ್ನು ವಾರದ ದಿನ ಎಂದೇ ಹಿಡಿದುಕೊಂಡು, ಮುಹೂರ್ತ ಗೊತ್ತಾದ ಮೇಲೆ ಭಾನುವಾರಕ್ಕೆ ಬಿದ್ದಿದ್ದರೆ ತಿದ್ದಿಕೊಳ್ಳಬಹುದು. ಒಂದು ದಿನದಿಂದ ದರ ಎಷ್ಟು ಅಲ್ಲಾಡುತ್ತದೆ ಎಂಬುದನ್ನು ಮುಂದೆ ನೋಡೋಣ. ಅದು ನಿದ್ದೆಗೆಡುವಷ್ಟೇನಲ್ಲ.

ಇನ್ನು ಸ್ವಂತ ರಜೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕರ್ನಾಟಕ ಕಾಯ್ದೆಯ ಪ್ರಕಾರ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಗಳಿಕೆ ರಜೆ. ಹಿಂದಿನ ವರ್ಷ ಈತ ದುಡಿದದ್ದು 280 ದಿನ ಎಂದು ಹಾಜರಿ ಪುಸ್ತಕ ಹೇಳಿದರೆ 14 ದಿನದ ರಜೆ ಅವನದು. ಇದಲ್ಲದೆ ಕಾಯಿಲೆ, ಅಪಘಾತ ಅಥವಾ ಬೇರೆ ತಕ್ಕ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ.

ಈ ಎರಡು ರಜೆಗಳನ್ನು ಒಂದೇ ರೀತಿ ಕಳೆಯಬಾರದು. ಗಳಿಕೆ ರಜೆಯನ್ನು ಪೂರ್ತಿ 14 ದಿನವೂ ಕಳೆಯಬೇಕು. ಈ ವರ್ಷ ಅವನು ಹತ್ತೇ ದಿನ ತೆಗೆದುಕೊಂಡರೂ ಉಳಿದ ನಾಲ್ಕು ದಿನ ಮಾಯವಾಗುವುದಿಲ್ಲ. ಅವು ಮುಂದಿನ ವರ್ಷಕ್ಕೆ ಹೋಗುತ್ತವೆ, ಇಲ್ಲವೇ ಹಣವಾಗಿ ಕೊಡಬೇಕಾಗುತ್ತದೆ. ಹಣವಾಗಿ ಕೊಟ್ಟರೆ ಆ ಮೊತ್ತವನ್ನು ಖರ್ಚಿಗೆ ಸೇರಿಸಿ, ಆ ನಾಲ್ಕು ದಿನವನ್ನು ಕೆಲಸದ ದಿನಗಳಿಗೆ ವಾಪಸು ಕೂಡಿಸಬೇಕು. ದಿನವನ್ನೂ ಕಳೆದು ಹಣವನ್ನೂ ಸೇರಿಸಿದರೆ ಒಂದೇ ರಜೆಗೆ ಎರಡು ಸಲ ಖರ್ಚು ಹಾಕಿದಂತಾಗುತ್ತದೆ. ಕಾಯಿಲೆ ರಜೆಯ ರೀತಿ ಬೇರೆ. ಅಲ್ಲಿ ಹಕ್ಕಿನ 12 ದಿನವನ್ನು ಕಳೆಯುವುದಕ್ಕಿಂತ ನಿಜವಾಗಿ ಎಷ್ಟು ದಿನ ಹೋಗಿದೆ ಎಂದು ಎರಡು ಮೂರು ವರ್ಷದ ಹಾಜರಿ ನೋಡಿ ಸರಾಸರಿ ತೆಗೆಯುವುದು ಒಳ್ಳೆಯದು. ಈ ಮೆಕ್ಯಾನಿಕ್‌ನ ಸರಾಸರಿ 9 ದಿನ. ಅದರಲ್ಲಿ ಹೆಚ್ಚಿನವು ಜೂನ್, ಜುಲೈ ಮಳೆಯ ಜ್ವರ, ಶೀತದ ದಿನಗಳು.

ಈಗ ಕಳೆದುಕೊಂಡು ಬರೋಣ. 313ರಿಂದ 9 ಹೋದರೆ 304, ಅದರಿಂದ 14 ಹೋದರೆ 290, ಮತ್ತೆ 9 ಹೋದರೆ 281. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 2,248 ಗಂಟೆ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಬಾಗಿಲು ತೆರೆದಿದ್ದರೂ ನಡುವೆ ಊಟದ ಒಂದು ಗಂಟೆ ಇದೆ. ಅದನ್ನು ಮರೆತು 9 ಗಂಟೆ ಎಂದು ಹಿಡಿಯುವವರೂ ಇದ್ದಾರೆ. ಆಗ ವರ್ಷಕ್ಕೆ 281 ಗಂಟೆ ಇಲ್ಲದ್ದನ್ನು ಇದೆ ಎಂದು ಬರೆದುಕೊಂಡಂತೆ.

ಲೆಕ್ಕ ಸರಿಯಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಎಲ್ಲ ಬಗೆಯ ದಿನಗಳನ್ನು ಕೂಡಿದರೆ ವರ್ಷ ತುಂಬಬೇಕು: ಕೆಲಸ 281, ಗಳಿಕೆ ರಜೆ 14, ಕಾಯಿಲೆ ರಜೆ 9, ಸಾರ್ವತ್ರಿಕ ರಜೆ 9, ಭಾನುವಾರ 52, ಒಟ್ಟು 365. 366 ಬಂದರೆ ಸಾಮಾನ್ಯವಾಗಿ ಭಾನುವಾರಕ್ಕೆ ಬಿದ್ದ ಹಬ್ಬವನ್ನು ಎರಡು ಕಡೆ ಬರೆದಿರುತ್ತೀರಿ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಎಕ್ಸೆಲ್‌ನಲ್ಲಿ ಈ ಎರಡು ಸಾಲು ಸಾಕು. ಹತ್ತೂ ರಜೆಗಳ ತಾರೀಕುಗಳನ್ನು H2ರಿಂದ H11ರವರೆಗೆ, ಗಳಿಕೆ ರಜೆಯನ್ನು B2ರಲ್ಲಿ, ಕಾಯಿಲೆ ರಜೆಯನ್ನು B3ರಲ್ಲಿ ಬರೆದುಕೊಳ್ಳಿ. ಮೊದಲ ಸಾಲನ್ನು B1ರಲ್ಲಿ ಹಾಕಿ.

```
=NETWORKDAYS.INTL(DATE(2026,1,1),DATE(2026,12,31),11,H2:H11)
=(B1-B2-B3)*8
```

ನಡುವಿನ 11 ಎಂಬುದು ಭಾನುವಾರ ಮಾತ್ರ ವಾರದ ರಜೆ ಎನ್ನುವ ಸಂಕೇತ. ಅದನ್ನು ಬಿಟ್ಟರೆ ಶನಿವಾರವನ್ನೂ ರಜೆ ಎಂದು ಕಳೆದುಬಿಡುತ್ತದೆ. ಭಾನುವಾರಕ್ಕೆ ಬಿದ್ದ ರಜೆಯನ್ನು ಈ ಸೂತ್ರ ತಾನಾಗಿಯೇ ಎರಡನೇ ಸಲ ಕಳೆಯುವುದಿಲ್ಲ. ಮೊದಲ ಸಾಲಿಗೆ 304, ಎರಡನೆಯದಕ್ಕೆ 2,248 ಬಂದರೆ ಸರಿ. ತಾರೀಕುಗಳು ತಾರೀಕಿನ ರೂಪದಲ್ಲಿರದೆ ಬರೀ ಅಕ್ಷರಗಳಾಗಿ ಟೈಪಾಗಿದ್ದರೆ ಸೂತ್ರ ದೋಷ ತೋರಿಸುತ್ತದೆ.

ರೂಪಾಯಿಯ ಬದಿ

ವರ್ಷದ ಸಂಬಳ 2,40,000. ಇದರೊಳಗೆ ರಜೆ ದಿನಗಳ ಸಂಬಳ ಆಗಲೇ ಸೇರಿದೆ, ಏಕೆಂದರೆ ಹನ್ನೆರಡು ತಿಂಗಳಿಗೂ ಪೂರ್ತಿ ಕೊಟ್ಟಾಗಿದೆ. ಕೆಲವರು ಇಲ್ಲಿ ‘ರಜೆ ಸಂಬಳ’ ಎಂದು ಇನ್ನೊಂದು ಸಾಲು ಸೇರಿಸಿ ಗಂಟೆಯ ದರವನ್ನು ಅನ್ಯಾಯವಾಗಿ ಏರಿಸಿಬಿಡುತ್ತಾರೆ. ರಜೆಯ ಪರಿಣಾಮ ಕಾಣಬೇಕಾದದ್ದು ಗಂಟೆಗಳ ಬದಿಯಲ್ಲಿ, ಒಂದು ಸಲ ಮಾತ್ರ.

ಭವಿಷ್ಯ ನಿಧಿ ಕಡ್ಡಾಯವಾಗುವುದು 20 ಜನರಿರುವ ಸಂಸ್ಥೆಗೆ. ಈ ಮಾಲೀಕರು ತಾವಾಗಿಯೇ ನೋಂದಾಯಿಸಿಕೊಂಡಿದ್ದಾರೆ. ಮಾಲೀಕರ ಪಾಲು 12 ಶೇಕಡ, ಠೇವಣಿ ಸಂಬಂಧಿತ ವಿಮೆಗೆ ಅರ್ಧ ಶೇಕಡ, ಆಡಳಿತ ಶುಲ್ಕ ಅರ್ಧ ಶೇಕಡ, ಒಟ್ಟು 13. ಅದನ್ನು 15,000 ರೂಪಾಯಿಯ ಮಿತಿಯ ಮೇಲೆ ಕಟ್ಟುತ್ತಿರುವುದರಿಂದ ತಿಂಗಳಿಗೆ 1,950, ವರ್ಷಕ್ಕೆ 23,400. ಕೆಲಸಗಾರನ ಸಂಬಳದಿಂದ ಹಿಡಿಯುವ 12 ಶೇಕಡವನ್ನು ಇಲ್ಲಿ ಸೇರಿಸಬಾರದು. ಅದು ಅವನ 20,000ದ ಒಳಗೇ ಇದೆ.

ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್, 20,000. ಕೆಲಸದಲ್ಲಿ ಗಾಯವಾದರೆ ಪರಿಹಾರಕ್ಕೆಂದು ಮಾಡಿಸಿದ ವಿಮೆಯಲ್ಲಿ ಇವನ ಪಾಲು 3,000. ಸಮವಸ್ತ್ರ, ಸುರಕ್ಷತಾ ಬೂಟು, ಕೈಗವಸು 3,600. ಎಲ್ಲ ಸೇರಿ 2,90,000. ಹತ್ತು ಜನರಾದರೆ ಗ್ರಾಚ್ಯುಟಿಯ ಹೊಣೆ ಬರುತ್ತದೆ. ಅದಕ್ಕೆ ವರ್ಷಕ್ಕೆ ಹದಿನೈದು ದಿನದ ಸಂಬಳ, ಅಂದರೆ 20,000ದ 26ರಲ್ಲಿ 15 ಭಾಗ, ಸುಮಾರು 11,540 ರೂಪಾಯಿ ತೆಗೆದಿಡಬೇಕು. ಏಳು ಜನರ ಈ ವರ್ಕ್‌ಶಾಪಿಗೆ ಅದನ್ನು ಹಾಕಿಲ್ಲ. ಬಾಡಿಗೆ, ಕರೆಂಟು, ವೆಲ್ಡಿಂಗ್ ರಾಡು ಇಲ್ಲಿ ಬರುವುದಿಲ್ಲ. ಅವು ವರ್ಕ್‌ಶಾಪಿನ ಖರ್ಚು, ಕೆಲಸಗಾರನದಲ್ಲ.

2,90,000ವನ್ನು 2,248ರಿಂದ ಭಾಗಿಸಿದರೆ ಗಂಟೆಗೆ 129 ರೂಪಾಯಿ.

96ಕ್ಕೂ 129ಕ್ಕೂ ನಡುವೆ ಇರುವ 33 ರೂಪಾಯಿಯನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಅದು ಎರಡು ಬೇರೆ ಬೇರೆ ಕಾರಣಗಳಿಂದ ಬಂದಿದೆ. ಸುಮಾರು 20 ರೂಪಾಯಿ ಭವಿಷ್ಯ ನಿಧಿ, ಬೋನಸ್, ವಿಮೆ, ಬೂಟುಗಳದ್ದು. ಉಳಿದ 13 ರೂಪಾಯಿ ಪೂರ್ತಿಯಾಗಿ ರಜೆಯದು, ಅಂದರೆ 32 ದಿನ, 256 ಗಂಟೆಗಳದ್ದು. ಮೊದಲನೆಯ ಖರ್ಚು ಚಲನ್, ರಸೀದಿಗಳಲ್ಲಿ ಕಾಣುತ್ತದೆ, ಮಾಲೀಕರಿಗೆ ಅದರ ಅಂದಾಜು ಇರುತ್ತದೆ. ಎರಡನೆಯದಕ್ಕೆ ರಸೀದಿ ಇಲ್ಲ. ವರ್ಷಕ್ಕೆ ಸುಮಾರು 29,600 ರೂಪಾಯಿ ಆಗುವ ಈ ಮೊತ್ತವನ್ನು ಹಾಜರಿ ಪುಸ್ತಕ ತೆರೆಯದೆ ಕಂಡುಹಿಡಿಯಲಾಗದು.

ಹಾಗೆಂದು ಒಂದೆರಡು ದಿನದ ವ್ಯತ್ಯಾಸಕ್ಕೆ ಕೊರಗಬೇಕಿಲ್ಲ. 281ರ ಬದಲು 280 ದಿನ ಕೆಲಸವಾದರೆ ದರ 129ರಿಂದ 129 ರೂಪಾಯಿ 46 ಪೈಸೆಗೆ ಏರುತ್ತದೆ. ಒಂದು ದಿನಕ್ಕೆ 46 ಪೈಸೆ. ಪುತ್ತರಿ ಭಾನುವಾರವೋ ಸೋಮವಾರವೋ ಎಂಬ ಅನುಮಾನ ಈ 46 ಪೈಸೆಯದು. ರಜೆಯನ್ನೇ ಕಳೆಯದೆ ಬಿಟ್ಟದ್ದು 13 ರೂಪಾಯಿಯ ತಪ್ಪು.

ಸಂಬಳವಿಲ್ಲದ ರಜೆ ಬಂದಾಗ

ಕೊಡಗಿನಲ್ಲಿ ಈ ಲೆಕ್ಕ ಕೆಡುವುದು ಹೆಚ್ಚಾಗಿ ಕಾಫಿ ಕೊಯ್ಲಿನ ಹೊತ್ತಿಗೆ. ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಡಿಸೆಂಬರ್, ಜನವರಿಯಿಂದ ಕೊಯ್ಲಿಗೆ ಬರುತ್ತದೆ. ಮನೆಯಲ್ಲಿ ಒಂದೆರಡು ಎಕರೆ ತೋಟ ಇರುವ ಕೆಲಸಗಾರ ತನ್ನ ರಜೆ ಮುಗಿದ ಮೇಲೂ ಹತ್ತು ಹನ್ನೆರಡು ದಿನ ಸಂಬಳವಿಲ್ಲದೆ ಹೋಗುತ್ತಾನೆ. ಆ ದಿನಗಳನ್ನು ಏನು ಮಾಡಬೇಕು?

12 ದಿನ ಹೋದ ಎಂದುಕೊಳ್ಳೋಣ. ಕೆಲಸದ ದಿನ 269, ಗಂಟೆ 2,152. ಸಂಬಳದಲ್ಲಿ ಹಿಡಿದದ್ದು 20,000ವನ್ನು 26ರಿಂದ ಭಾಗಿಸಿ 12ರಿಂದ ಗುಣಿಸಿದಷ್ಟು, 9,231 ರೂಪಾಯಿ. ಖರ್ಚು 2,80,769ಕ್ಕೆ ಇಳಿಯುತ್ತದೆ. ದರ 130 ರೂಪಾಯಿ 47 ಪೈಸೆ. ಹೆಚ್ಚಾದದ್ದು ಒಂದೂವರೆ ರೂಪಾಯಿ ಮಾತ್ರ. ಆ ತಿಂಗಳ ಸಂಬಳ 15,000ಕ್ಕಿಂತ ಕೆಳಗಿಳಿಯುವುದರಿಂದ ಭವಿಷ್ಯ ನಿಧಿಯಲ್ಲೂ ಕೆಲವು ನೂರು ರೂಪಾಯಿ ಕಡಿಮೆಯಾಗುತ್ತದೆ, ಅದನ್ನು ಇಲ್ಲಿ ಬಿಟ್ಟಿದೆ. ಗಂಟೆಗಳನ್ನು ಮಾತ್ರ ಕಳೆದು ಹಿಡಿದ ಹಣವನ್ನು ಕಳೆಯದಿದ್ದರೆ ಸುಮಾರು 135 ರೂಪಾಯಿ ಬಂದು, ಗೈರುಹಾಜರಿಯಿಂದ ದೊಡ್ಡ ನಷ್ಟವಾಯಿತು ಎಂದು ಕೆಲಸಗಾರನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಸಂಬಳವಿಲ್ಲದ ರಜೆಯನ್ನು ಎರಡೂ ಬದಿಯಲ್ಲಿ ಕಳೆಯಬೇಕು, ಸಂಬಳ ಸಹಿತ ರಜೆಯನ್ನು ಗಂಟೆಗಳ ಬದಿಯಲ್ಲಿ ಮಾತ್ರ.

ಓವರ್‌ಟೈಮಿನ ಗಂಟೆಗೆ 129 ಅನ್ವಯಿಸುವುದಿಲ್ಲ, 129ರ ಎರಡರಷ್ಟೂ ಅಲ್ಲ. ಅದಕ್ಕೆ ಸಂಬಳದ ದರದ ಎರಡರಷ್ಟು, ಅಂದರೆ 96.15ರ ಎರಡರಷ್ಟು, 192 ರೂಪಾಯಿ. ಬೋನಸ್ಸು, ವಿಮೆ, ರಜೆ ಇವೆಲ್ಲ ಮಾಮೂಲು ಗಂಟೆಗಳಲ್ಲೇ ತೀರಿಹೋಗಿವೆ. ಸಂಜೆ ಆರರ ಮೇಲೆ ಪಂಪ್ ಬಿಚ್ಚಿದರೆ ಆ ಗಂಟೆಗೆ ಮಾಲೀಕರ ಕೈಯಿಂದ ಹೋಗುವುದು 192.

ವರ್ಷಕ್ಕೇ ಏಕೆ, ತಿಂಗಳಿಗೆ ಏಕಲ್ಲ

ಪ್ರತಿ ತಿಂಗಳೂ ದರ ತೆಗೆದರೆ ಇನ್ನೂ ನಿಖರವಾಗಬಹುದು ಎನಿಸುತ್ತದೆ. ಆಗುವುದು ತಿರುವುಮುರುವು. ತಿಂಗಳ ಖರ್ಚು ಸರಾಸರಿ 24,167 ರೂಪಾಯಿ. 2026ರ ಜುಲೈಯಲ್ಲಿ ನಾಲ್ಕು ಭಾನುವಾರ, ಪಟ್ಟಿಯ ಹಬ್ಬ ಒಂದೂ ಇಲ್ಲ, 27 ದಿನ ಕೆಲಸ. ಸ್ವಂತ ರಜೆ ಕಳೆಯುವ ಮೊದಲು ಗಂಟೆಗೆ 112 ರೂಪಾಯಿ. ನವೆಂಬರಿನಲ್ಲಿ ಐದು ಭಾನುವಾರ, ಜೊತೆಗೆ ಬಲಿಪಾಡ್ಯಮಿ, 24 ದಿನ, 126 ರೂಪಾಯಿ. ಪುತ್ತರಿಯೂ ಆ ತಿಂಗಳಲ್ಲೇ ಬಂದರೆ 23 ದಿನ, 131 ರೂಪಾಯಿ. ಒಂದೇ ಮೆಕ್ಯಾನಿಕ್, ಒಂದೇ ಕೆಲಸ, ಆದರೂ ಇಷ್ಟು ಅಂತರ. ಮಳೆಗಾಲದಲ್ಲಿ ಪಲ್ಪರ್ ತಂದುಕೊಟ್ಟ ಬೆಳೆಗಾರರಿಗೆ ಒಂದು ದರ, ಕೊಯ್ಲಿನ ಹೊತ್ತಿಗೆ ತಂದವರಿಗೆ ಇನ್ನೊಂದು ದರ ಹೇಳಲು ಇದು ಆಧಾರವಾಗಲಾರದು. ಹಬ್ಬ ಯಾವ ತಿಂಗಳಿಗೆ ಬಿತ್ತು ಎಂಬುದು ಅವರ ಪಲ್ಪರಿಗೆ ಸಂಬಂಧಿಸಿದ್ದಲ್ಲ.

ಹಾಜರಿದ್ದ ಗಂಟೆ, ಬಿಲ್ಲಾದ ಗಂಟೆ

129 ಎಂಬುದು ಮೆಕ್ಯಾನಿಕ್ ವರ್ಕ್‌ಶಾಪಿನಲ್ಲಿ ಹಾಜರಿರುವ ಒಂದು ಗಂಟೆಯ ವೆಚ್ಚ. ಅದನ್ನೇ ಲೇಬರ್ ಚಾರ್ಜಿನ ತಳಪಾಯ ಮಾಡಿಕೊಂಡರೆ ಇನ್ನೊಂದು ಗುಂಡಿಗೆ ಬಿದ್ದಂತೆ. ಹಾಜರಿದ್ದ ಎಲ್ಲ ಗಂಟೆಗಳೂ ಯಾರದೋ ಬಿಲ್ಲಿಗೆ ಹೋಗುವುದಿಲ್ಲ. ಮೈಸೂರಿನಿಂದ ಬೇರಿಂಗ್ ಬರುವವರೆಗೆ ಕಾಯುವುದು, ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ಮಧ್ಯಾಹ್ನಗಳು, ತೋಟಕ್ಕೆ ಹೋಗಿ ಬರುವ ದಾರಿ, ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾದದ್ದು, ಎರಡು ಹೊತ್ತಿನ ಚಹಾ. ಜಾಬ್ ಕಾರ್ಡುಗಳಲ್ಲಿ ಬರೆದ ಗಂಟೆಗಳನ್ನು ವರ್ಷಪೂರ್ತಿ ಕೂಡಿದಾಗ ಈ ಉದಾಹರಣೆಯಲ್ಲಿ 1,686 ಬಂದಿದೆ, 2,248ರ ಮುಕ್ಕಾಲು ಭಾಗ. 2,90,000ವನ್ನು 1,686ರಿಂದ ಭಾಗಿಸಿದರೆ 172 ರೂಪಾಯಿ.

120 ರೂಪಾಯಿಯ ಲೇಬರ್ ಚಾರ್ಜಿನ ಕಥೆ ಇಲ್ಲಿ ಪೂರ್ತಿ ಬಯಲಾಗುತ್ತದೆ. 1,686 ಗಂಟೆಗೆ ಗಿರಾಕಿಗಳಿಂದ ಬಂದದ್ದು 2,02,320. ಖರ್ಚು 2,90,000. ಒಬ್ಬ ಮೆಕ್ಯಾನಿಕ್‌ನ ಮೇಲೆ ವರ್ಷಕ್ಕೆ 87,680 ರೂಪಾಯಿ ಕೊರತೆ. ಕೊಯ್ಲಿಗೆ ಮುಂಚೆ ಬರುವ ಪಲ್ಪರನ್ನೇ ತೆಗೆದುಕೊಳ್ಳಿ. ಬಿಚ್ಚಿ, ಸವೆದ ತಾಮ್ರದ ತಗಡು ಬದಲಿಸಿ, ಬೇರಿಂಗ್ ಹಾಕಿ, ಹಣ್ಣು ಜಜ್ಜಿ ಹೋಗದಂತೆ ಡ್ರಮ್ಮಿನ ಸಂದು ಹೊಂದಿಸಿ ಓಡಿಸಿ ನೋಡುವಷ್ಟರಲ್ಲಿ 11 ಗಂಟೆ. ಬಿಲ್ಲಿನಲ್ಲಿ ಲೇಬರ್ 1,320. ಬಿದ್ದ ವೆಚ್ಚ 1,892, ಅದೂ ಲಾಭ, ಬಾಡಿಗೆ, ಕರೆಂಟು ಸೇರುವ ಮೊದಲು.

ಎರಡು ದರಗಳನ್ನೂ ಇಟ್ಟುಕೊಳ್ಳಬೇಕು, ಬೆರೆಸಬಾರದು. ಒಂದು ಕೆಲಸವನ್ನು ನಾವೇ ಮಾಡುವುದೋ ಹೊರಗೆ ಲೇತ್ ಅಂಗಡಿಗೆ ಕೊಡುವುದೋ ಎಂದು ನೋಡುವಾಗ, ಒಬ್ಬ ಕೆಲಸಗಾರನ ವೆಚ್ಚವನ್ನು ಇನ್ನೊಬ್ಬನದರ ಜೊತೆ ಹೋಲಿಸುವಾಗ 129 ಸರಿಯಾದದ್ದು. ಗಿರಾಕಿಗೆ ದರ ಹೇಳುವಾಗ 172. ತೋಟಕ್ಕೆ ಹೋಗಿಬರುವ ಸಮಯವನ್ನು ಪ್ರತ್ಯೇಕವಾಗಿ ಬಿಲ್ ಮಾಡಲು ಶುರುಮಾಡಿದರೆ ಆ ಗಂಟೆಗಳು 1,686ಕ್ಕೆ ಸೇರಿ 172 ಕೆಳಗಿಳಿಯುತ್ತದೆ. ಹಾಗೆ ಇಳಿಸದೆ ದಾರಿಯ ಚಾರ್ಜನ್ನೂ ಹಾಕಿದರೆ ಬೆಳೆಗಾರರಿಂದ ಒಂದೇ ಗಂಟೆಗೆ ಎರಡು ಸಲ ತೆಗೆದುಕೊಂಡಂತಾಗುತ್ತದೆ.

ಸಂಬಳ ಏರಿಸುವಾಗ

ಈ ಲೆಕ್ಕವನ್ನು ಪ್ರತಿ ಡಿಸೆಂಬರಿನಲ್ಲಿ, ಹೊಸ ಕ್ಯಾಲೆಂಡರು ಕೈಗೆ ಬಂದಾಗ ಒಮ್ಮೆ ಮಾಡಿದರೆ ಸಾಕು. 2027ರಲ್ಲೂ ಭಾನುವಾರ 52. ಅಲ್ಲಿ ನವೆಂಬರ್ 1 ಸೋಮವಾರ, ಬದಲಿಗೆ ಆಗಸ್ಟ್ 15 ಭಾನುವಾರಕ್ಕೆ ಬೀಳುತ್ತದೆ. ಹಬ್ಬಗಳು ವಾರದ ದಿನಗಳಲ್ಲೇ ಬಂದರೆ ಕಳೆಯಬೇಕಾದದ್ದು ಮತ್ತೆ 9, ಗಂಟೆ ಮತ್ತೆ 2,248. 2028ರಲ್ಲಿ ಮಾತ್ರ 366 ದಿನ, 53 ಭಾನುವಾರ.

ಆಗ ಮೆಕ್ಯಾನಿಕ್‌ಗೆ ತಿಂಗಳಿಗೆ 1,500 ಏರಿಸಬೇಕು ಎಂದರೆ, ಹಳೆಯ ಲೆಕ್ಕದಲ್ಲಿ 1,500ವನ್ನು 208ರಿಂದ ಭಾಗಿಸಿ ಗಂಟೆಗೆ 7 ರೂಪಾಯಿ 21 ಪೈಸೆ ಹೆಚ್ಚಾಯಿತು ಎನ್ನುತ್ತಿದ್ದರು. ಭವಿಷ್ಯ ನಿಧಿಯನ್ನು ಮಿತಿಯ ಮೇಲೆ ಕಟ್ಟುತ್ತಿರುವುದರಿಂದ ಅದು ಏರುವುದಿಲ್ಲ, ಆದರೆ ಬೋನಸ್ ಏರುತ್ತದೆ. ವರ್ಷಕ್ಕೆ ಹದಿಮೂರು ಸಲ 1,500, ಅಂದರೆ 19,500. ಅದು ಹಂಚಿಹೋಗುವುದು 2,248 ಗಂಟೆಗೆ. ಗಂಟೆಗೆ 8 ರೂಪಾಯಿ 67 ಪೈಸೆ ಹೆಚ್ಚಾಗಿ ದರ 137 ರೂಪಾಯಿ 67 ಪೈಸೆ ಆಗುತ್ತದೆ. ಬಿಲ್ಲಾಗುವ ಗಂಟೆಯ ಮೇಲೆ ಹಾಕಿದರೆ ಏರಿಕೆ 11 ರೂಪಾಯಿ 57 ಪೈಸೆ.